ನಿಂತ ಕೋಟು ಕೂರುವುದಿಲ್ಲ

ತೀರಿಹೋದ ಅಪ್ಪನ ಫೋಟೊ ಹಿಡಿದು ಸ್ಟುಡಿಯೋಗೆ ಬರುತ್ತಾರೆ. ಅಪ್ಪ ಕುರ್ಚಿ ಮೇಲೆ ಕೂತಿದ್ದಾರೆ, ಅರ್ಧ ತೋಳಿನ ಅಂಗಿ. "ಇದಕ್ಕೊಂದು ಕೋಟು ಹಾಕ್ಕೊಡಿ ಸರ್, ಫ್ರೇಮ್ ಹಾಕಿಸ್ಬೇಕು" ಅನ್ನುತ್ತಾರೆ. ಮೊಬೈಲ್‌ನಲ್ಲಿ ಕೋಟಿನ ಚಿತ್ರವನ್ನೂ ತೋರಿಸುತ್ತಾರೆ. ಹೆಚ್ಚಾಗಿ ಅದು ನೆಟ್ಟಗೆ ನಿಂತವರ ಕೋಟೇ ಆಗಿರುತ್ತದೆ.

ಎಷ್ಟು ಹೇಳಿದರೂ ಇದೊಂದು ಮಾತು ತಲೆಗೆ ಹೋಗುವುದಿಲ್ಲ. ಮುಖ, ಬಣ್ಣ ಎಲ್ಲ ಹೊಂದಿಸಬಹುದು. ಆದರೆ ಕೂತವರ ಬಟ್ಟೆ ಬೇರೆ ಥರ ಬೀಳುತ್ತದೆ. ಮೊಣಕೈ ಮಡಚಿದಾಗ ಒಳಬದಿಯ ಬಟ್ಟೆ ಒತ್ತಿಕೊಂಡು ಗಿಡ್ಡ, ಆಳವಾದ ನೆರಿಗೆ ಬೀಳುತ್ತದೆ. ಹೊರಬದಿ ಬಿಗಿದು ನುಣ್ಣಗಾಗುತ್ತದೆ. ತೋಳು ಮೇಲೆ ಸರಿದು ಮಣಿಕಟ್ಟು ಕಾಣುತ್ತದೆ. ತೊಡೆ ಸಂದಿಯಿಂದ ಪ್ಯಾಂಟಿನ ನೆರಿಗೆಗಳು ಬೀಸಣಿಗೆಯಂತೆ ಹರಡಿ, ಮಂಡಿಯ ಹತ್ತಿರ ಬರುವಷ್ಟರಲ್ಲಿ ಮಾಯವಾಗುತ್ತವೆ. ಗುಂಡಿ ಹಾಕಿದ್ದರೆ ಹೊಟ್ಟೆ ಮೇಲೆ ಎಳೆತದ ಗೆರೆಗಳು ಏಳುತ್ತವೆ, ಗುಂಡಿಯ ಕೆಳಗೆ ಕೋಟು ಎರಡೂ ತೊಡೆಗೆ ಜಾರುತ್ತದೆ. ಇದ್ಯಾವುದೂ ಇಲ್ಲದಿದ್ದರೆ ಬಟ್ಟೆ ಅಂಟಿಸಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ, ಕಾರಣ ಹೇಳಲು ಬಾರದಿದ್ದರೂ.

ಹಳೇ ಅಂಗಿ ತುಂಬು ತೋಳಿನದಾಗಿದ್ದರೆ ಅದರ ನೆರಳನ್ನೇ ಹೊಸ ಬಟ್ಟೆ ಮೇಲೆ ಫೋಟೊಶಾಪ್‌ನ `Multiply`ನಲ್ಲಿ ಕೂರಿಸಿ ಸ್ವಲ್ಪ ಮಟ್ಟಿಗೆ ಸಾಧಿಸಬಹುದು. ಅದೂ ಬಿಳಿ ಅಂಗಿಗೆ ಮಾತ್ರ ಚೆನ್ನಾಗಿ ಬರುತ್ತದೆ, ಚೌಕಳಿ ಇದ್ದರೆ ಗೆರೆಯೂ ಮೂಡುತ್ತದೆ. ತೆಳು ಹತ್ತಿಯ ಸಣ್ಣ ನೆರಿಗೆ ದಪ್ಪ ಕೋಟಿಗೆ ಹೊಂದುವುದೂ ಇಲ್ಲ. ಅರ್ಧ ತೋಳಾದರೆ ಮೊಣಕೈಯಲ್ಲಿ ಎರವಲು ಪಡೆಯೋಕೆ ಏನೂ ಇರುವುದಿಲ್ಲ.

ಮೊನ್ನೆ ಅಣ್ಣತಮ್ಮ ಇಬ್ಬರು ಇಂಥದ್ದೇ ಫೋಟೊ ತಂದರು. ತಮ್ಮನದು ಅಪ್ಪನದೇ ಮೈಕಟ್ಟು. "ನೀವೇ ಕೋಟು ಹಾಕ್ಕೊಂಡು ಕೂತ್ಕೊಳ್ಳಿ" ಅಂದೆ. ಹಳೇ ಫೋಟೊದಲ್ಲಿ ಬೆಳಕು ಎಡಗಡೆಯಿಂದ ಇತ್ತು, ಹಾಗಾಗಿ ಕಿಟಕಿಯ ಪಕ್ಕ ಅದೇ ದಿಕ್ಕಿಗೆ ಕೂರಿಸಿದೆ. ಕ್ಯಾಮೆರಾ ಅವರ ಎದೆ ಮಟ್ಟಕ್ಕೆ, ಬಲಗೈ ಮಂಡಿ ಮೇಲೆ, ಎಡಗೈ ಕುರ್ಚಿಯ ಕೈಮೇಲೆ. ಅಪ್ಪ ಸ್ವಲ್ಪ ಮುಂದೆ ಬಾಗಿ ಕೂತಿದ್ದರು, ಮಗನೂ ಹಾಗೇ ಬಾಗಿದರು. ಅಣ್ಣ ಪಕ್ಕದಲ್ಲಿ ನಿಂತು "ಅಪ್ಪ ಕೈ ಹೀಗಿಡ್ತಿರ್ಲಿಲ್ಲ ಕಣೋ" ಅಂತ ತಿದ್ದಿದರು. ಆ ತಿದ್ದುವಿಕೆ ನನಗೆ ತುಂಬ ಉಪಯೋಗಕ್ಕೆ ಬಂತು.

ಆಮೇಲೆ ಮಗನ ಫೋಟೊದ ಕೋಟನ್ನು ಅಪ್ಪನ ಫೋಟೊ ಮೇಲೆ ಕೂರಿಸಿ, `Puppet Warp`ನಲ್ಲಿ ಭುಜ, ಮೊಣಕೈ, ಮಣಿಕಟ್ಟಿಗೆ ಪಿನ್ ಹಾಕಿ ಚೂರುಪಾರು ಸರಿಸಿದರೆ ಸಾಕಾಯಿತು. ಜಾಸ್ತಿ ಎಳೆಯಬಾರದು. ಎಳೆದರೆ ನೆರಿಗೆಗಳು ರಬ್ಬರಿನಂತಾಗುತ್ತವೆ. ಮೊಣಕೈಯ ಕೋನವೇ ಬೇರೆಯಾಗಿದ್ದರೆ ಮತ್ತೆ ಫೋಟೊ ತೆಗೆಯುವುದೇ ವಾಸಿ.

ಕೊನೆಗೆ ಮಂಡಿ ಮೇಲಿನ ಕೈ. ಬೆರಳು ಬಟ್ಟೆಗೆ ತಾಗುವಲ್ಲಿ ಸಣ್ಣ, ಗಾಢ ನೆರಳು ಬೇಕು, ಹೊರಗೆ ಹೋದಂತೆ ಅದು ತೆಳುವಾಗಬೇಕು. ಕಪ್ಪು ಬಣ್ಣ ಬಳಿಯಬೇಡಿ, ಆ ಬಟ್ಟೆಯದೇ ಬಣ್ಣವನ್ನು ಗಾಢ ಮಾಡಿಕೊಳ್ಳಿ. ಮೂಲ ಫೋಟೊ ಸುಡುಬಿಸಿಲಲ್ಲಿ ತೆಗೆದದ್ದಾದರೆ ಮಾತ್ರ ಈ ಕಿಟಕಿ ಬೆಳಕಿನ ಉಪಾಯ ನಡೆಯುವುದಿಲ್ಲ. ಆಗ ಮಗನನ್ನೂ ಬಿಸಿಲಲ್ಲೇ ಕೂರಿಸಬೇಕು.