ಎಕ್ಸೆಲ್ ಬಿಲ್ಲಿನಲ್ಲಿ ಮೊತ್ತದ ಸಾಲುಗಳು: ₹ ಚಿಹ್ನೆ, ಲಕ್ಷ-ಕೋಟಿಯ ಅಲ್ಪವಿರಾಮ, ಎರಡು ದಶಮಾಂಶ

ಒಂದು ಬಿಲ್ಲಿನ ಸಾಲನ್ನು ನೋಡೋಣ. ಸಿಮೆಂಟ್ 350 ಚೀಲ, ಚೀಲಕ್ಕೆ 412.50 ರೂಪಾಯಿ. ಗುಣಿಸಿದರೆ ಕೋಶದಲ್ಲಿ 144375 ಎಂದು ಬರುತ್ತದೆ. ಗ್ರಾಹಕರಿಗೆ ಕಾಣಬೇಕಾದದ್ದು ₹ 1,44,375.00. ಈ ಎರಡರ ನಡುವಿನ ಕೆಲಸ ಮಾಡುವುದು ನಂಬರ್ ಫಾರ್ಮ್ಯಾಟ್. ಅದು ಸಂಖ್ಯೆಯನ್ನು ಮುಟ್ಟುವುದಿಲ್ಲ, ತೋರಿಸುವ ರೀತಿಯನ್ನು ಮಾತ್ರ ಬದಲಿಸುತ್ತದೆ. ಮುಂದೆ ಬರುವ ಎಲ್ಲ ತೊಡಕುಗಳ ಬೇರು ಇದೇ ಆದ್ದರಿಂದ ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಕಂಪ್ಯೂಟರಿನ ಪ್ರದೇಶದ ಆಯ್ಕೆ ಭಾರತ ಎಂದಿದ್ದರೆ `#,##0.00` ಎಂಬ ಸಾಮಾನ್ಯ ಫಾರ್ಮ್ಯಾಟೇ ಲಕ್ಷ-ಕೋಟಿಯ ಕ್ರಮದಲ್ಲಿ ಅಲ್ಪವಿರಾಮ ಹಾಕುತ್ತದೆ. ಏಕೆಂದರೆ ಅಂಕಿಗಳನ್ನು ಗುಂಪು ಮಾಡುವ ಕ್ರಮವನ್ನು ಎಕ್ಸೆಲ್ ವಿಂಡೋಸ್‌ನಿಂದ ಪಡೆಯುತ್ತದೆ. ಪ್ರದೇಶ ಅಮೆರಿಕ ಎಂದಿದ್ದರೆ ಅದೇ ಕೋಶ 144,375.00 ಎಂದು ತೋರಿಸುತ್ತದೆ. ಅಂಥ ಯಂತ್ರದಲ್ಲಿ ನಮ್ಮ ಕ್ರಮ ಬೇಕೆಂದರೆ ಫಾರ್ಮ್ಯಾಟನ್ನು ನಾವೇ ಬರೆಯಬೇಕು. ಮೊತ್ತದ ಕೋಶಗಳನ್ನು ಆಯ್ದು Ctrl+1 ಒತ್ತಿ, Number ಪುಟದಲ್ಲಿ Custom ಆರಿಸಿ, Type ಪೆಟ್ಟಿಗೆಯಲ್ಲಿ ಹೀಗೆ ಬರೆಯಿರಿ:

```
[>=10000000]"₹ "##\,##\,##\,##0.00;[>=100000]"₹ "##\,##\,##0.00;"₹ "##,##0.00
```

ನೋಡಲು ಭಯವಾದರೂ ಇದರಲ್ಲಿ ಇರುವುದು ಅರ್ಧವಿರಾಮದಿಂದ ಬೇರೆಯಾದ ಮೂರು ಭಾಗಗಳಷ್ಟೇ. ಮೊದಲನೆಯದು ಒಂದು ಕೋಟಿ ಮತ್ತು ಮೇಲಿನ ಮೊತ್ತಕ್ಕೆ, ಎರಡನೆಯದು ಒಂದು ಲಕ್ಷ ಮತ್ತು ಮೇಲಿನದಕ್ಕೆ, ಮೂರನೆಯದು ಉಳಿದ ಎಲ್ಲದಕ್ಕೆ. `\,` ಎಂದರೆ "ಈ ಜಾಗದಲ್ಲಿ ಒಂದು ಅಲ್ಪವಿರಾಮವನ್ನು ಹಾಗೆಯೇ ಬರೆ" ಎಂದು. ಓರೆಗೆರೆ ಇಲ್ಲದ ಅಲ್ಪವಿರಾಮ ಹಾಗಲ್ಲ, ಅದು ವಿಂಡೋಸ್ ಹೇಳಿದ ಕ್ರಮದಲ್ಲಿ ಗುಂಪು ಮಾಡು ಎಂಬ ಸೂಚನೆ. ಮೂರನೆಯ ಭಾಗದಲ್ಲಿ ಅದನ್ನೇ ಬಿಟ್ಟಿದ್ದೇವೆ, ಏಕೆಂದರೆ ಲಕ್ಷದ ಒಳಗೆ ಎರಡೂ ಕ್ರಮಗಳು ಒಂದೇ.

`#` ಮತ್ತು `0` ಒಂದೇ ಅಲ್ಲ. `#` ಅಂಕಿ ಇದ್ದರೆ ಮಾತ್ರ ತೋರಿಸುತ್ತದೆ, `0` ಅಂಕಿ ಇಲ್ಲದಿದ್ದರೂ ಸೊನ್ನೆ ಇಡುತ್ತದೆ. ಬಿಂದುವಿನ ನಂತರ `00` ಇರುವುದರಿಂದ 75.5 ಎಂಬುದು 75.50 ಆಗುತ್ತದೆ. ಬಿಂದುವಿನ ಹಿಂದೆ ಒಂದು `0` ಇರಲೇಬೇಕು. ಅಲ್ಲಿ `#` ಬರೆದರೆ ಐವತ್ತು ಪೈಸೆ 0.50 ಎಂದು ಬರದೆ ಬರಿಯ .50 ಎಂದು ಬರುತ್ತದೆ, ಬಿಲ್ಲಿನಲ್ಲಿ ಆ ಬಿಂದು ಕಣ್ಣಿಗೆ ತಪ್ಪಿಹೋಗುತ್ತದೆ.

ಚಿಹ್ನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ₹ ಬಳಕೆಗೆ ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟ್‌ಗಳಲ್ಲಿ ಅದಕ್ಕೆ ಅಕ್ಷರವಿಲ್ಲ, ಚಿಹ್ನೆಯ ಬದಲು ಖಾಲಿ ಚೌಕ ಕಂಡರೆ ಫಾಂಟ್ ಬದಲಿಸಿ ನೋಡಿ. ಬಿಲ್ಲಿನ ಎಲ್ಲ ಸಾಲುಗಳೂ ರೂಪಾಯಿಯಲ್ಲೇ ಇದ್ದರೆ ಚಿಹ್ನೆಯನ್ನು ಕಾಲಮ್ಮಿನ ತಲೆಬರಹದಲ್ಲಿ ಮತ್ತು ಒಟ್ಟು ಮೊತ್ತದಲ್ಲಿ ಇಟ್ಟರೆ ಸಾಕೆಂಬುದು ನನ್ನ ಅಭಿಪ್ರಾಯ. ಪ್ರತಿ ಸಾಲಿನಲ್ಲೂ ಬಂದರೆ ಅಂಕಿಗಳು ಮರೆಯಾಗುತ್ತವೆ. ಬೇರೆ ಬೇರೆ ನಾಣ್ಯಗಳ ಸಾಲುಗಳಿದ್ದರೆ ಮಾತ್ರ ಪ್ರತಿ ಸಾಲಿಗೂ ಬೇಕು.

ಇನ್ನು ಪೈಸೆಯ ವಿಚಾರ. ಗ್ರಾಹಕರು ಬಿಲ್ಲನ್ನು ಹಿಂದಕ್ಕೆ ಕಳಿಸುವುದು ಇಲ್ಲಿಯೇ. ಬಟ್ಟೆಯಂಗಡಿಯ ಮೂರು ಸಾಲುಗಳನ್ನು ತೆಗೆದುಕೊಳ್ಳಿ. 2.35 ಮೀಟರ್, ದರ 42.75, ಮೊತ್ತ 100.4625. 1.45 ಮೀಟರ್, ದರ 86.25, ಮೊತ್ತ 125.0625. 3.15 ಮೀಟರ್, ದರ 61.75, ಮೊತ್ತ 194.5125. ಫಾರ್ಮ್ಯಾಟ್ ಹಾಕಿದ ಮೇಲೆ ಕಾಣುವುದು 100.46, 125.06, 194.51. ಗ್ರಾಹಕರು ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 420.03. ಎಕ್ಸೆಲ್ ಕೂಡುವುದು ಒಳಗೆ ಉಳಿದಿರುವ ಪೂರ್ಣ ಸಂಖ್ಯೆಗಳನ್ನು. ಅದರ ಲೆಕ್ಕ 420.0375, ತೋರಿಸುವುದು 420.04. ಒಂದು ಪೈಸೆಯ ವ್ಯತ್ಯಾಸ. ಇಬ್ಬರ ಕೂಡಿಕೆಯೂ ಸರಿ, ಆದರೆ ಬಿಲ್ಲು ತನ್ನ ಸಾಲುಗಳಿಗೆ ತಾನೇ ತಾಳೆಯಾಗುತ್ತಿಲ್ಲ.

ಪರಿಹಾರ ಫಾರ್ಮ್ಯಾಟಿನಲ್ಲಿ ಇಲ್ಲ, ಸೂತ್ರದಲ್ಲಿದೆ. ಪ್ರತಿ ಸಾಲಿನ ಮೊತ್ತವನ್ನು ಅಲ್ಲಿಯೇ ಎರಡು ದಶಮಾಂಶಕ್ಕೆ ಸುತ್ತಬೇಕು:

```
=ROUND(C2*D2,2)
```

ಈಗ ಕೋಶದಲ್ಲಿ ಇರುವುದೂ 100.46, ಕಾಣುವುದೂ 100.46. ಒಟ್ಟು 420.03 ಎಂದೇ ಬರುತ್ತದೆ. ಒಟ್ಟು ಮೊತ್ತವನ್ನು ಮಾತ್ರ ಸುತ್ತಿದರೆ ಪ್ರಯೋಜನವಿಲ್ಲ, ಅದು 420.04 ಆಗಿಯೇ ಉಳಿಯುತ್ತದೆ. ನಿಮ್ಮ ಹಾಳೆಯಲ್ಲಿ ಈ ದೋಷ ಇದೆಯೇ ಎಂದು ತಿಳಿಯಲು ಮೊತ್ತದ ಕಾಲಮ್ಮಿನ ದಶಮಾಂಶಗಳನ್ನು ತಾತ್ಕಾಲಿಕವಾಗಿ ಆರಕ್ಕೆ ಏರಿಸಿ ನೋಡಿ. ಎರಡನೆಯ ಸ್ಥಾನದ ನಂತರ ಸೊನ್ನೆ ಅಲ್ಲದ ಅಂಕಿ ಕಂಡರೆ ಆ ಸಾಲು ಸುತ್ತಿಲ್ಲ ಎಂದರ್ಥ.

ಸುತ್ತದೆ ಬಿಟ್ಟರೆ ಅಲ್ಪವಿರಾಮವೂ ಕೈಕೊಡುತ್ತದೆ. ವರ್ಷದ ಬಾಡಿಗೆ ಒಂದು ಲಕ್ಷ ಎಂದು ತಿಂಗಳ ದರವನ್ನು 8333.333 ಎಂದು ಬರೆದು 12ರಿಂದ ಗುಣಿಸಿದರೆ 99999.996 ಬರುತ್ತದೆ. ಮೇಲಿನ ಫಾರ್ಮ್ಯಾಟ್ ಷರತ್ತನ್ನು ಪರೀಕ್ಷಿಸುವುದು ಒಳಗಿನ ಸಂಖ್ಯೆಯ ಮೇಲೆ. ಇದು ಲಕ್ಷಕ್ಕಿಂತ ಕಡಿಮೆ, ಹಾಗಾಗಿ ಮೂರನೆಯ ಭಾಗಕ್ಕೆ ಹೋಗುತ್ತದೆ. ತೋರಿಸುವಾಗ ಎರಡು ದಶಮಾಂಶಕ್ಕೆ ಸುತ್ತಿ, ಅಮೆರಿಕದ ಕ್ರಮದ ಯಂತ್ರದಲ್ಲಿ ₹ 100,000.00 ಎಂದು ಬರೆಯುತ್ತದೆ. ROUND ಹಾಕಿದರೆ ಒಳಗಿನ ಸಂಖ್ಯೆಯೇ 100000 ಆಗಿ, ₹ 1,00,000.00 ಎಂದು ಸರಿಯಾಗಿ ಬರುತ್ತದೆ.

ಕೆಲವರು ಫಾರ್ಮ್ಯಾಟಿನ ಗೊಡವೆ ಬೇಡವೆಂದು ಮೊತ್ತದ ಕಾಲಮ್ಮಿನಲ್ಲೇ TEXT ಬಳಸುತ್ತಾರೆ. ಕೋಶ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಅದು ಈಗ ಸಂಖ್ಯೆಯಲ್ಲ, ಪಠ್ಯ. SUM ಪಠ್ಯದ ಕೋಶಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಒಟ್ಟು ಸೊನ್ನೆ ಬರುತ್ತದೆ. ನಾವು ಜೋಡಣೆ ಬದಲಿಸದಿದ್ದರೆ ಸಂಖ್ಯೆ ಕೋಶದ ಬಲಕ್ಕೂ ಪಠ್ಯ ಎಡಕ್ಕೂ ಅಂಟಿರುತ್ತದೆ, ಅದೇ ಗುರುತು. ಖಚಿತವಾಗಬೇಕಾದರೆ `=ISNUMBER(E2)` ಬರೆದು ನೋಡಿ. "ಪಾವತಿಸಬೇಕಾದ ಮೊತ್ತ ಇಷ್ಟು" ಎಂಬಂಥ ವಾಕ್ಯದೊಳಗೆ ಅಂಕಿ ಸೇರಿಸುವಾಗ TEXT ಸರಿ, ಕೂಡಬೇಕಾದ ಕಾಲಮ್ಮಿನಲ್ಲಿ ಬೇಡ.

ಈ ಫಾರ್ಮ್ಯಾಟಿಗೆ ಒಂದು ಮಿತಿಯಿದೆ. ಎಕ್ಸೆಲ್ ಒಂದು ಫಾರ್ಮ್ಯಾಟಿನಲ್ಲಿ ಎರಡೇ ಷರತ್ತುಗಳನ್ನು ಒಪ್ಪುತ್ತದೆ, ಅವೆರಡನ್ನೂ ನಾವು ಕೋಟಿ ಮತ್ತು ಲಕ್ಷಕ್ಕೆ ಖರ್ಚು ಮಾಡಿದ್ದೇವೆ. ಒಂದೂವರೆ ಲಕ್ಷದ ಮಾಲು ವಾಪಸು ಬಂದು ಸಾಲಿನಲ್ಲಿ -150000 ಬರೆದರೆ ಅದು ಮೂರನೆಯ ಭಾಗಕ್ಕೆ ಬಿದ್ದು 150,000.00 ಎಂಬ ಗುಂಪಿನಲ್ಲೇ ಕಾಣುತ್ತದೆ. ಇಂಥ ಮೊತ್ತವನ್ನು ಕಡಿತದ ಪ್ರತ್ಯೇಕ ಕಾಲಮ್ಮಿನಲ್ಲಿ ಧನ ಸಂಖ್ಯೆಯಾಗಿಯೇ ಬರೆದು ಒಟ್ಟು ಮೊತ್ತದ ಸೂತ್ರದಲ್ಲಿ ಕಳೆಯುವುದು ಸುಲಭದ ದಾರಿ. ಋಣ ಮೊತ್ತಗಳು ಮೇಲಿಂದ ಮೇಲೆ ಬರುವ ವ್ಯವಹಾರವಾದರೆ ವಿಂಡೋಸ್ ಪ್ರದೇಶವನ್ನೇ ಭಾರತಕ್ಕೆ ಬದಲಿಸಿ `"₹ "#,##0.00` ಬಳಸಿ, ಅದು ಋಣಕ್ಕೂ ಲಕ್ಷದ ಕ್ರಮವನ್ನೇ ಅನುಸರಿಸುತ್ತದೆ. ಆದರೆ ಆ ಏರ್ಪಾಡು ನಿಮ್ಮ ಯಂತ್ರದ್ದು, ಕಡತದ್ದಲ್ಲ. ಅದೇ ಕಡತವನ್ನು ವಿದೇಶದ ಗ್ರಾಹಕರು ತೆರೆದಾಗ ಅಲ್ಪವಿರಾಮಗಳು ಅವರ ಕ್ರಮಕ್ಕೆ ತಿರುಗುತ್ತವೆ, ಆದ್ದರಿಂದ ಬಿಲ್ಲನ್ನು ಪಿಡಿಎಫ್ ಮಾಡಿಯೇ ಕಳಿಸಿ.