ಕಾಲಂ ಜಾಸ್ತಿಯಾದರೆ ಹತ್ತಿರದವರು ಯಾರು?

"ಎರಡು ಫೀಚರ್ ಇದ್ದಾಗ ಕೆಎನ್‌ಎನ್ ಚೆನ್ನಾಗಿ ಹೇಳ್ತಿತ್ತು ಸರ್, ಇನ್ನೂ 500 ಸೇರಿಸಿದೆ, ಈಗ ಬಾಯಿಗೆ ಬಂದದ್ದು ಹೇಳುತ್ತೆ." ವಿದ್ಯಾರ್ಥಿಗಳಿಂದ ಈ ಮಾತು ನನಗೆ ಆಗಾಗ ಕೇಳಿಬರುತ್ತೆ. ಕೆಎನ್‌ಎನ್ ಅಂದರೆ ಹೊಸ ಬಿಂದುವಿಗೆ ಅತಿ ಹತ್ತಿರದ ಕೆಲವು ಬಿಂದುಗಳನ್ನು ನೋಡಿ ಉತ್ತರ ಹೇಳುವ ವಿಧಾನ. ಕೋಡ್‌ನಲ್ಲಿ ತಪ್ಪು ಹುಡುಕುವ ಮೊದಲು ಇದನ್ನು ಓಡಿಸಿ ನೋಡಿ ಅಂತೀನಿ:

```python
import numpy as np
rng = np.random.default_rng(0)
for d in (2, 10, 100, 1000):
    X = rng.random((1000, d))
    q = rng.random(d)
    r = np.linalg.norm(X - q, axis=1)
    print(d, r.min(), r.max())
```

ಎರಡು ಆಯಾಮದಲ್ಲಿ, ಅಂದರೆ ಎರಡು ಕಾಲಂ ಇದ್ದಾಗ, ಅತಿ ದೂರದ ಬಿಂದು ಅತಿ ಹತ್ತಿರದ್ದಕ್ಕಿಂತ ಹತ್ತಾರು ಪಟ್ಟು ಆಚೆ ಇರುತ್ತೆ. 1000 ಆಯಾಮದಲ್ಲಿ ಹತ್ತಿರದ್ದು ಸುಮಾರು 12.2, ದೂರದ್ದು ಸುಮಾರು 13.6. ಇದರಲ್ಲಿ ಯಾರು ನೆರೆಯವರು, ಯಾರು ಹೊರಗಿನವರು?

ಕಾರಣ ಸರಳ. ಪ್ರತಿ ಕಾಲಂ ದೂರಕ್ಕೆ ತನ್ನ ಪಾಲು ಕೂಡಿಸುತ್ತೆ, ಆದ್ದರಿಂದ ಸರಾಸರಿ ದೂರ ಬೆಳೆಯುತ್ತಾ ಹೋಗುತ್ತೆ. ಆದರೆ ಒಂದು ಕಾಲಂನ ಏರು ಇನ್ನೊಂದರ ಇಳಿಯನ್ನು ಸರಿದೂಗಿಸುವುದರಿಂದ, ಆ ಸರಾಸರಿಯ ಸುತ್ತಲಿನ ಹರಡು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಮಾತ್ರ 0.22ರ ಆಸುಪಾಸಲ್ಲೇ ನಿಂತುಬಿಡುತ್ತೆ.

ಈಗ ಆ ವಿದ್ಯಾರ್ಥಿಯ ಲೆಕ್ಕ ಮಾಡೋಣ. ಎಲ್ಲಾ ಕಾಲಂಗಳೂ 0ಯಿಂದ 1ರೊಳಗೆ, ಉತ್ತರ ಗೊತ್ತಿರುವುದು ಎರಡಕ್ಕೆ ಮಾತ್ರ, ಉಳಿದ 500 ಬರೀ ಗದ್ದಲ ಅಂತಿಟ್ಟುಕೊಳ್ಳಿ. ದೂರದ ವರ್ಗಕ್ಕೆ, ಅಂದರೆ ದೂರವನ್ನು ಅದರಿಂದಲೇ ಗುಣಿಸಿದ್ದಕ್ಕೆ, ಆ ಎರಡು ಕಾಲಂ ಕೊಡಬಲ್ಲದ್ದು ಹೆಚ್ಚೆಂದರೆ 2. ಗದ್ದಲದ ಪಾಲು ಸರಾಸರಿ 83, ಅದು ಹೋಗಲಿ, ಎಲ್ಲರಿಗೂ ಒಂದೇ ತರಹ ಸೇರುತ್ತೆ. ಆದರೆ ಬಿಂದುವಿನಿಂದ ಬಿಂದುವಿಗೆ ಅದು ಸುಮಾರು 4ರಷ್ಟು ಏರಿಳಿಯುತ್ತೆ. ನೆರೆಯವರನ್ನು ಆರಿಸುತ್ತಿರುವುದು ಆ 4, ನಿಮ್ಮ 2 ಅಲ್ಲ.

ಇಲ್ಲಿ ತುಂಬ ಜನ, ಅನೇಕ ಕಾಲಂಗಳನ್ನು ಕೆಲವೇ ಹೊಸ ಕಾಲಂಗಳಾಗಿ ಅಡಕಗೊಳಿಸುವ ಪಿಸಿಎಗೆ ಓಡುತ್ತಾರೆ. ಈ ಡೇಟಾಗೆ ಅದು ನೆರವಾಗಲ್ಲ. ಪಿಸಿಎ ನೋಡುವುದು ಏರಿಳಿತವನ್ನು, ಉತ್ತರವನ್ನಲ್ಲ, ಮತ್ತು ಗದ್ದಲದ ಕಾಲಂಗಳೂ ಅಷ್ಟೇ ಏರಿಳಿಯುತ್ತವೆ. ಉತ್ತರದ ಜೊತೆ ಹೋಲಿಸಿ ಕಾಲಂ ಆರಿಸಬೇಕು, ಅದೂ ಟ್ರೈನಿಂಗ್ ಭಾಗದಲ್ಲಿ ಮಾತ್ರ. ಇಡೀ ಡೇಟಾ ನೋಡಿ ಆರಿಸಿದರೆ ಕೆಲವು ಗದ್ದಲದ ಕಾಲಂಗಳು ಆಕಸ್ಮಿಕವಾಗಿ ಚೆನ್ನಾಗಿ ಕಾಣುತ್ತವೆ, ಟೆಸ್ಟ್ ಸ್ಕೋರ್ ಸುಳ್ಳೇ ಏರುತ್ತೆ.

ಹಾಗಂತ ಕಾಲಂ ಎಣಿಸಿಯೇ ಹೆದರಬೇಡಿ. ಚಿತ್ರದಲ್ಲಿ ಸಾವಿರಾರು ಪಿಕ್ಸೆಲ್ ಇದ್ದರೂ ಅಕ್ಕಪಕ್ಕದವು ಒಟ್ಟಿಗೇ ಬದಲಾಗುತ್ತವೆ, ನಿಜವಾದ ಆಯಾಮ ಕಡಿಮೆಯೇ. ಅಂಥ ಕಡೆ ಪಿಸಿಎ ಚೆನ್ನಾಗಿ ಕೆಲಸ ಮಾಡುತ್ತೆ. ನಿಮ್ಮ ಡೇಟಾ ಯಾವ ಜಾತಿಯದು ಅಂತ ತಿಳಿಯಲು ನಾನು ಮಾಡುವುದು ಇಷ್ಟು: ಎರಡೆರಡು ಸಲ ಇರುವ ಸಾಲುಗಳನ್ನು ತೆಗೆದು, ಅತಿ ಹತ್ತಿರದ ದೂರವನ್ನು ಮಧ್ಯದ ದೂರದಿಂದ ಭಾಗಿಸುತ್ತೇನೆ. ಆಮೇಲೆ ಪ್ರತಿ ಕಾಲಂನ ಬೆಲೆಗಳನ್ನೂ ಬೇರೆಬೇರೆಯಾಗಿ ಅದಲುಬದಲು ಮಾಡಿ, ಅಂದರೆ ಕಾಲಂಗಳ ನಡುವಿನ ನಂಟು ಮುರಿದು, ಅದೇ ಲೆಕ್ಕ ಮತ್ತೆ. ಮೂಲ ಡೇಟಾದ ಸಂಖ್ಯೆ ಎಷ್ಟೋ ಚಿಕ್ಕದಿದ್ದರೆ ದೂರದಲ್ಲಿ ಇನ್ನೂ ಅರ್ಥ ಉಳಿದಿದೆ. ಎರಡೂ ಹೆಚ್ಚುಕಡಿಮೆ ಒಂದೇ ಬಂದು, ಕಾಲಂ ಆರಿಸಿದ ಮೇಲೂ ಆ ಸಂಖ್ಯೆ 1ರ ಹತ್ತಿರವೇ ಇದ್ದರೆ, ನಾನು ಕೆಎನ್‌ಎನ್ ಬಿಟ್ಟು ದೂರ ಅಳೆಯದ ಡಿಸಿಷನ್ ಟ್ರೀ ಥರದ ಮಾಡೆಲ್ ಹಿಡಿಯುತ್ತೇನೆ.