ಆ್ಯಪ್‌ನಲ್ಲಿ 20 ಮಿ.ಮೀ., ಹೊಲದಲ್ಲಿ ಎಷ್ಟು?

ಪಾವಗಡದ ಕಡೆ ಕೆಂಪು ಮಣ್ಣಿನಲ್ಲಿ ಎರಡು ಎಕರೆ ಕಡಲೆಕಾಯಿ ಹಾಕುವ ರೈತನಿಗೆ ಜುಲೈ ತಿಂಗಳು ಅಂದರೆ ದಿನಾ ಮೋಡ ನೋಡುವ ತಿಂಗಳು. ಎಕರೆಗೆ ಸುಮಾರು 45 ಕೆಜಿ ಬಿತ್ತನೆ ಬೀಜ ಬೇಕು. ಒಂದು ಸಲ ಮೊಳಕೆ ಕೈಕೊಟ್ಟರೆ ಎರಡನೇ ಸಲಕ್ಕೆ ಅಷ್ಟೇ ಬೀಜ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅಂಥವರು ಫೋನಿನಲ್ಲಿ ಮಳೆಯ ಆ್ಯಪ್ ಇಟ್ಟುಕೊಂಡು, ಅದರಲ್ಲಿ ಮೋಡದ ಚಿತ್ರ ಕಂಡ ಕೂಡಲೇ ಕೂರಿಗೆ ಹೂಡುವುದುಂಟು. ತಪ್ಪು ನಡೆಯುವುದು ಅಲ್ಲೇ. ಆ್ಯಪ್ ಸುಳ್ಳು ಹೇಳಿತು ಅನ್ನುವುದಕ್ಕಿಂತ, ಅದು ಹೇಳಿದ್ದು ಯಾವ ಜಾಗದ, ಯಾವ ದಿನದ ಮಾತು ಅನ್ನುವುದು ನಮಗೆ ಗೊತ್ತಿರಲಿಲ್ಲ ಅನ್ನುವುದೇ ಸರಿ.

ಮೊದಲು ಜಾಗದ ಮಾತು. ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಂಡು, ಒಂದೊಂದು ಚೌಕಕ್ಕೆ ಒಂದೊಂದು ಅಂಕಿ ಕೊಡುತ್ತದೆ. 2025ರ ಮೇ ತಿಂಗಳಲ್ಲಿ ಹವಾಮಾನ ಇಲಾಖೆ ಬಳಕೆಗೆ ತಂದ ಭಾರತ್ ಫೋರ್‌ಕಾಸ್ಟ್ ವ್ಯವಸ್ಥೆಯಲ್ಲಿ ಈ ಚೌಕದ ಅಂಚು 6 ಕಿ.ಮೀ.; ಅದಕ್ಕೆ ಮುಂಚೆ 12 ಕಿ.ಮೀ. ಇತ್ತು. ಆರು ಕಿಲೋಮೀಟರ್ ಚೌಕ ಅಂದರೂ ಸುಮಾರು 8,900 ಎಕರೆ. ನಿಮ್ಮ ಎರಡು ಎಕರೆ ಅದರೊಳಗೆ ಒಂದು ಚುಕ್ಕೆ. ಮೇ, ಜೂನ್‌ನ ಗುಡುಗು ಮಳೆ ಕೆಲವೇ ಕಿಲೋಮೀಟರ್ ಅಗಲದ ಮೋಡದಿಂದ ಬರುವಂಥದ್ದು. ಅದು ಊರ ಮುಂದಿನ ಕೆರೆ ತುಂಬಿಸಿ, ಹಿಂದಿನ ಹೊಲವನ್ನು ಒಣಗಲು ಬಿಟ್ಟು ಹೋಗುತ್ತದೆ. ಚೌಕದ ಅಂಕಿ ಸರಿಯಾಗಿದ್ದರೂ ನಿಮ್ಮ ಹೊಲಕ್ಕೆ ಬೀಳದೇ ಇರಬಹುದು.

ಜಿಲ್ಲೆಯ ಎಚ್ಚರಿಕೆಗೂ ಇದೇ ಮಾತು. ಟಿವಿಯಲ್ಲಿ ಯೆಲ್ಲೋ ಅಲರ್ಟ್ ಅಂದ ಕೂಡಲೇ ಜಿಲ್ಲೆಗೆಲ್ಲ ಮಳೆ ಅಂದುಕೊಳ್ಳುತ್ತೇವೆ. ಹವಾಮಾನ ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ಅದರ ಪಕ್ಕದಲ್ಲಿ ‘ಒಂದೆರಡು ಕಡೆ’ ಅಂತ ಇದ್ದರೆ, ಮಳೆ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಾತ್ರ ಅದನ್ನು ಕಾಣಬಹುದು ಅಂತ ಅರ್ಥ. ಮಿಕ್ಕ ಮುಕ್ಕಾಲು ಭಾಗಕ್ಕೆ ತುಂತುರೂ ಇಲ್ಲದಿರಬಹುದು. ಬಣ್ಣಕ್ಕಿಂತ ಮೊದಲು ಈ ಎರಡು ಪದಗಳನ್ನು ಓದಿ.

ಇನ್ನು ದಿನದ ಮಾತು. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. 7ನೇ ತಾರೀಖು ಸಂಜೆ ಬಿದ್ದ ಮಳೆಯನ್ನು 8ರ ಬೆಳಿಗ್ಗೆ ಅಳೆದು, 8ನೇ ತಾರೀಖಿನ ಲೆಕ್ಕಕ್ಕೆ ಬರೆಯುತ್ತಾರೆ. ಇದು ಗೊತ್ತಿಲ್ಲದೆ ‘ನಿನ್ನೆ ಬಂದ ಮಳೆಯನ್ನು ಆ್ಯಪ್ ಇವತ್ತಿಗೆ ಹಾಕಿದೆ, ಇದು ಕೆಟ್ಟ ಆ್ಯಪ್’ ಅಂತ ತೆಗೆದುಹಾಕಿದವರೂ ಇದ್ದಾರೆ.

ಯಾವ ಆ್ಯಪ್ ಅಂತ ಕೇಳಿದರೆ, ಬಿತ್ತನೆಗೆ ಸರ್ಕಾರದ ಮೇಘದೂತ್ ಸಾಕು (ಪ್ಲೇಸ್ಟೋರಿನಲ್ಲಿ Meghdoot ಅಂತ ಹುಡುಕಿ). ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮತ್ತು ಐಸಿಎಆರ್ ಸೇರಿ 2019ರಲ್ಲಿ ತಂದದ್ದು. ಮುಂದಿನ ಐದು ದಿನದ ಮಳೆ, ಉಷ್ಣಾಂಶ, ತೇವಾಂಶ, ಗಾಳಿಯ ಅಂಕಿಗಳ ಜೊತೆ ಬೆಳೆ ಸಲಹೆ ಕನ್ನಡದಲ್ಲೇ ಸಿಗುತ್ತದೆ. ಸಲಹೆ ಹೊಸದಾಗುವುದು ಮಂಗಳವಾರ ಮತ್ತು ಶುಕ್ರವಾರ. ಆದ್ದರಿಂದ ಸೋಮವಾರ ಓದುತ್ತಿರುವುದು ಶುಕ್ರವಾರದ ಮಾತು ಅನ್ನುವುದು ನೆನಪಿರಲಿ. ಡೇಟಾ ಖಾಲಿಯಾದ ಫೋನು ಇನ್ನೂ ಹಳೆಯ ಪುಟವನ್ನೇ ತೋರಿಸುತ್ತಿರಬಹುದು. ಮೇಲಿನ ತಾರೀಖು ನೋಡದೆ ಕೆಳಗಿನ ಅಂಕಿ ನಂಬಬೇಡಿ. ಬೇರೆ ಆ್ಯಪ್ ಬಳಸುವವರ ಮಾಮೂಲಿ ತಪ್ಪು ಇನ್ನೊಂದಿದೆ. ಮಗ ಬೆಂಗಳೂರಿನಲ್ಲಿ ಆ್ಯಪ್ ಹಾಕಿಕೊಟ್ಟ ಫೋನು, ಲೊಕೇಶನ್‌ಗೆ ಅನುಮತಿ ಕೊಟ್ಟಿಲ್ಲದಿದ್ದರೆ, ಊರಿಗೆ ಬಂದ ಮೇಲೂ ಬೆಂಗಳೂರಿನ ಮಳೆಯನ್ನೇ ತೋರಿಸುತ್ತಾ ಕೂರುತ್ತದೆ.

ಬಿದ್ದ ಮಳೆಯ ಅಂಕಿಗೆ ನಮ್ಮ ರಾಜ್ಯದಲ್ಲಿ ಇನ್ನೊಂದು ಅನುಕೂಲವಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆ ಮಾಪಕಗಳನ್ನು ಇಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ತಾವೇ ಅಂಕಿ ಕಳಿಸುತ್ತವೆ. ಸ್ಮಾರ್ಟ್‌ಫೋನ್ ಇಲ್ಲದವರೂ ಆ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿ, ತಮ್ಮ ಹೋಬಳಿ, ಪಂಚಾಯಿತಿ ಹೇಳಿ ಕೇಳಬಹುದು.

ಇಷ್ಟಿದ್ದರೂ ನಿಮ್ಮ ಹೊಲದ ಅಂಕಿ ನಿಮ್ಮ ಹತ್ತಿರವೇ ಇರಬೇಕು. ನೇರ ಗೋಡೆಯ, ಸಮತಟ್ಟು ತಳದ ಒಂದು ಡಬ್ಬಿ ಸಾಕು. ನೀರಿನ ಬಾಟಲಿ ಕತ್ತರಿಸಿ ಇಡುವವರು ಅದರ ತಳದ ಉಬ್ಬುತಗ್ಗನ್ನು ಮರೆತು ಅಳೆಯುತ್ತಾರೆ, ಅಲ್ಲೇ ನಾಲ್ಕೈದು ಮಿ.ಮೀ. ಎಡವಟ್ಟಾಗುತ್ತದೆ. ಬಾಟಲಿಯೇ ಆದರೆ ಗೋಡೆ ನೇರವಾಗುವ ಮಟ್ಟದವರೆಗೆ ಸಣ್ಣ ಕಲ್ಲು, ನೀರು ತುಂಬಿಸಿ, ಆ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಿರಿ. ಮರದ ಎತ್ತರದ ಎರಡರಷ್ಟು ದೂರದಲ್ಲಿ, ಬಯಲಲ್ಲಿ, ಗಾಳಿಗೆ ಉರುಳದಂತೆ ಹುಗಿದು, ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ಅಳೆದು ಚೆಲ್ಲಿ. ಡಬ್ಬಿಯಲ್ಲಿ 10 ಮಿ.ಮೀ. ನಿಂತಿದ್ದರೆ ಎಕರೆಗೆ ಸುಮಾರು 40,000 ಲೀಟರ್ ಬಿದ್ದಿದೆ ಅಂತ ಅರ್ಥ.

ಈಗ ಬಿತ್ತನೆಯ ಲೆಕ್ಕ. ಕೆಂಪು ಮಣ್ಣಿಗೆ ಎರಡು ಮೂರು ದಿನದಲ್ಲಿ ಒಟ್ಟು 20ರಿಂದ 25 ಮಿ.ಮೀ. ಬಿದ್ದರೆ ಬಿತ್ತನೆಯ ಹದ ಸಿಗುತ್ತದೆ. ಎರೆ ಭೂಮಿಗೆ ಅದರ ಎರಡರಷ್ಟಾದರೂ ಬೇಕು. ಶುಕ್ರವಾರದ ಮುನ್ಸೂಚನೆಯಲ್ಲಿ ಐದು ದಿನಕ್ಕೆ 3, 18, 22, 5, 0 ಅಂತ ಬಂದಿದೆ ಅಂದುಕೊಳ್ಳಿ. ಕೂಡಿದರೆ 48. ಕಣ್ಣಿಗೆ ಚೆಂದದ ಅಂಕಿ. ಆದರೆ ಅದನ್ನು ನಂಬಿ ಒಣ ಮಣ್ಣಿಗೆ ಬೀಜ ಹಾಕಬೇಡಿ. 48ರ ಬದಲು 9 ಬಂದರೆ ಬೀಜ ಊದಿಕೊಳ್ಳುವಷ್ಟು ತೇವ ಸಿಗುತ್ತದೆ, ಮೊಳಕೆ ಮಣ್ಣು ಸೀಳಿ ಬರುವಷ್ಟು ಸಿಗುವುದಿಲ್ಲ. ಒಳಗೇ ಕೊಳೆಯುತ್ತದೆ ಅಥವಾ ಇರುವೆ ಪಾಲಾಗುತ್ತದೆ. ಒಂದು ಹನಿಯೂ ಬಾರದಿರುವುದಕ್ಕಿಂತ ಈ ಅರೆಬರೆ ಮಳೆಯೇ ಬಿತ್ತಿದ ಬೀಜಕ್ಕೆ ಹೆಚ್ಚು ಕೆಟ್ಟದ್ದು.

ಆ ಮುನ್ಸೂಚನೆಯಿಂದ ಸಿಗುವ ಲಾಭ ತಯಾರಿಗೆ. ಶನಿವಾರವೇ ಕುಂಟೆ ಹೊಡೆದು ಇಟ್ಟುಕೊಳ್ಳಿ, ಕೂರಿಗೆ ಅಥವಾ ಟ್ರಾಕ್ಟರಿಗೆ ಹೇಳಿಡಿ, ಬೀಜ ಒಡೆಸಿ ಇಡಿ. ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಸವರುವ ಕೆಲಸವನ್ನು ಮಾತ್ರ ಬಿತ್ತುವ ಹೊತ್ತಿಗೆ ಮಾಡಿ. ಡಬ್ಬಿಯಲ್ಲಿ ಶನಿವಾರ 2, ಭಾನುವಾರ 14, ಸೋಮವಾರ 11 ಕಂಡಿತು ಅನ್ನಿ. ಒಟ್ಟು 27. ಆಗಲೂ ಗುದ್ದಲಿ ಹಿಡಿದು ಹೊಲದ ಎತ್ತರದ ಕಡೆ ಒಂದು, ತಗ್ಗಿನ ಕಡೆ ಒಂದು ಗುಂಡಿ ತೆಗೆಯಿರಿ. ತೇವ ಒಂದು ಗೇಣಿನಷ್ಟಾದರೂ ಇಳಿದಿರಬೇಕು. ರಭಸದ ಮಳೆಯಾಗಿದ್ದರೆ ಡಬ್ಬಿಯಲ್ಲಿ 27 ಇದ್ದರೂ ಇಳಿಜಾರಿನಲ್ಲಿ ಅರ್ಧ ಹರಿದು ಹೋಗಿರುತ್ತದೆ. ಗುಂಡಿ ತೋಡಿದರೆ ಮಾತ್ರ ಅದು ಗೊತ್ತಾಗುವುದು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಪುಡಿಯಾದರೆ ಹದ ಬಂದಿದೆ. ಕೈಗೆ ಮೆತ್ತಿದರೆ ಇನ್ನೊಂದು ದಿನ ಕಾಯಿರಿ.

ಬಿತ್ತುವ ಬೆಳಿಗ್ಗೆ ಆ್ಯಪನ್ನು ಮತ್ತೊಮ್ಮೆ ತೆರೆಯಿರಿ, ಈ ಸಲ ಬೇರೆ ಪ್ರಶ್ನೆಗೆ. ಮುಂದಿನ ಎರಡು ದಿನದಲ್ಲಿ ಭಾರಿ ಮಳೆ ಇದೆಯೇ? ಇದ್ದರೆ, ಅದರಲ್ಲೂ ‘ಹಲವು ಕಡೆ’ ಅಂತ ಇದ್ದರೆ, ತಡೆಯಿರಿ. ಹೊಸದಾಗಿ ಬಿತ್ತಿದ ಕೆಂಪು ಮಣ್ಣಿನ ಮೇಲೆ ಜೋರು ಮಳೆ ಹೊಡೆದು ಆಮೇಲೆ ಬಿಸಿಲು ಬಂದರೆ ಮೇಲ್ಪದರ ಹೆಪ್ಪುಗಟ್ಟಿ ಮೊಳಕೆ ಒಳಗೇ ಮುರುಟುತ್ತದೆ. ಐದು ದಿನ ಒಣ ಅಂತ ಇದ್ದರೆ ಹೆದರಬೇಕಿಲ್ಲ. ಎರಡು ಇಂಚು ಆಳದ ಬೀಜಕ್ಕೆ ಮೊಳಕೆ ಮೇಲೆ ಬರುವ ವಾರ ಹತ್ತು ದಿನದ ತೇವ ಆ ಗೇಣಿನಲ್ಲೇ ಇದೆ. ಎದ್ದು ನಿಂತ ಕಡಲೆಕಾಯಿ ಎಳೆಯ ವಯಸ್ಸಿನಲ್ಲಿ ಬರವನ್ನು ಚೆನ್ನಾಗಿಯೇ ತಡೆಯುತ್ತದೆ. ಅದು ಸೋಲುವುದು ಹೂವಾಗಿ ಸೂಜಿ ಮಣ್ಣಿಗಿಳಿದು ಕಾಯಿ ಕಟ್ಟುವಾಗ. ಗುರುವಾರ ಗುರುವಾರ ಬರುವ ಇಲಾಖೆಯ ವಾರಗಳ ಮುನ್ನೋಟ ‘ದಕ್ಷಿಣ ಒಳನಾಡಿಗೆ ವಾಡಿಕೆಗಿಂತ ಕಡಿಮೆ’ ಅನ್ನುವ ಮಟ್ಟದ್ದು. ಬಿತ್ತುವ ದಿನ ಆರಿಸಲು ಅದು ಬೇಡ.

ನೀರಾವರಿಯಲ್ಲಿ ಪ್ರಶ್ನೆ ತಿರುಗುಮುರುಗು. ಅಲ್ಲಿ ಕಾಯುವುದೇ ಅಪಾಯ. ಬೋರಿನ ಕೆಳಗೆ ಅರ್ಧ ಎಕರೆ ಟೊಮೆಟೊ, ಡ್ರಿಪ್ ಇದೆ ಅನ್ನಿ. ಪೂರ್ತಿ ಬೆಳೆದ ಗಿಡ ಬಿಸಿಲಿನ ದಿನ ಸುಮಾರು 4.5 ಮಿ.ಮೀ. ಕುಡಿದರೆ ಅರ್ಧ ಎಕರೆಗೆ 9,000 ಲೀಟರ್. ಪೈಪು 4 ಅಡಿಗೊಂದು, ಹನಿ ತೂತು 40 ಸೆಂ.ಮೀ.ಗೊಂದು, ತೂತಿಗೆ ಗಂಟೆಗೆ 2 ಲೀಟರ್ ಆದರೆ ಗಂಟೆಗೆ ಸುಮಾರು 8,300 ಲೀಟರ್ ಇಳಿಯುತ್ತದೆ. ಅಂದರೆ ದಿನಕ್ಕೆ ಒಂದು ಗಂಟೆ ಐದು ನಿಮಿಷ. ಬೋರು ಅಷ್ಟು ನೀರು ಎತ್ತದಿದ್ದರೆ ಎರಡು ಗೇಟ್‌ವಾಲ್ವ್ ಮಾಡಿ ಸರದಿಯಲ್ಲಿ ಬಿಡಬೇಕು.

ಡಬ್ಬಿಯಲ್ಲಿ 9 ಮಿ.ಮೀ. ಕಂಡರೆ ಎರಡು ದಿನ ಮೋಟಾರ್ ಬೇಡ. 3 ಮಿ.ಮೀ. ಕಂಡರೆ ಅದು ಎಲೆ ನೆನೆಸಿ ಆರಿಹೋದ ಮಳೆ, ಲೆಕ್ಕಕ್ಕೆ ಹಿಡಿಯಬೇಡಿ. ಆದರೆ ‘ನಾಳೆ 12 ಮಿ.ಮೀ.’ ಅಂತ ಆ್ಯಪ್ ಹೇಳಿದ್ದಕ್ಕೆ ಇವತ್ತಿನ ನೀರು ನಿಲ್ಲಿಸಬಹುದೇ? ಒಂದು ಅಡಿ ಕೆಂಪು ಮಣ್ಣು ಗಿಡಕ್ಕೆ ಸಿಗುವಂಥ ನೀರನ್ನು ಸುಮಾರು 30 ಮಿ.ಮೀ. ಹಿಡಿದಿಡುತ್ತದೆ, ಗಿಡ ಬಾಡದೆ ತೆಗೆದುಕೊಳ್ಳುವುದು ಅದರಲ್ಲಿ ಅರ್ಧ. ಹಾಯಿ ನೀರಿನ ಹೊಲದಲ್ಲಿ ಹಾಗಾಗಿ ಮೂರು ದಿನದ ಬಿಡುವಿದೆ. ಡ್ರಿಪ್ಪಿನಲ್ಲಿ ನೆನೆದಿರುವುದೇ ಅರ್ಧ ಜಾಗ, ಬಿಡುವು ಒಂದೂವರೆ ದಿನ. ನಿನ್ನೆ ನೀರು ಕೊಟ್ಟಿದ್ದರೆ ಒಂದು ದಿನ ಕಾಯಿರಿ. ಮೊನ್ನೆ ಕೊಟ್ಟದ್ದಾದರೆ ಆ್ಯಪ್ ಏನೇ ಹೇಳಲಿ, ಅರ್ಧ ಗಂಟೆಯಾದರೂ ಬಿಡಿ. ಒಣಗಿ ನಿಂತ ಟೊಮೆಟೊಗೆ ಒಮ್ಮೆಲೇ ಮಳೆ ನೀರು ಸಿಕ್ಕಿದರೆ ಕಾಯಿ ಬಿರಿಯುತ್ತದೆ. ಮುಂದೂಡಿದ ಒಂದು ಗಂಟೆಯ ಕರೆಂಟಿಗೆ ಅದು ದುಬಾರಿ.

ಹಾಯಿ ನೀರಿನವರಿಗೆ ಮುನ್ಸೂಚನೆ ನಿಜಕ್ಕೂ ಉಳಿತಾಯ ಕೊಡುವುದು ಆರೆಂಜ್ ಅಲರ್ಟಿನ ಹಿಂದಿನ ದಿನ. ಎರೆ ಭೂಮಿಗೆ ಬೆಳಿಗ್ಗೆ ನೀರು ತುಂಬಿಸಿ ರಾತ್ರಿ 60 ಮಿ.ಮೀ. ಹೊಡೆದರೆ ಬೇರಿಗೆ ಉಸಿರು ಸಿಗದೆ ಮೂರನೇ ದಿನಕ್ಕೆ ಎಲೆ ಹಳದಿಯಾಗುತ್ತದೆ. ಅದನ್ನು ಗೊಬ್ಬರದ ಕೊರತೆ ಅಂದುಕೊಂಡು ಯೂರಿಯಾ ಎರಚುವವರು ಬಹಳ.

ಡಬ್ಬಿಯ ಪಕ್ಕ ಒಂದು ನೋಟ್‌ಬುಕ್ ಇರಲಿ. ಒಂದು ಸಾಲಿನಲ್ಲಿ ಹಿಂದಿನ ದಿನ ಆ್ಯಪ್ ಹೇಳಿದ್ದು, ಇನ್ನೊಂದರಲ್ಲಿ ಬೆಳಿಗ್ಗೆ ಡಬ್ಬಿಯಲ್ಲಿ ಸಿಕ್ಕಿದ್ದು. ಆಶ್ಲೇಷಾ ಮಳೆ ಮುಗಿಯುವ ಹೊತ್ತಿಗೆ, ‘10ಕ್ಕಿಂತ ಹೆಚ್ಚು’ ಅಂದ ದಿನ ಎಷ್ಟು, ಅದರಲ್ಲಿ ನಿಜಕ್ಕೂ 10 ದಾಟಿದ್ದು ಎಷ್ಟು ಅಂತ ಎಣಿಸಿ. ‘ಮಳೆ ಇಲ್ಲ’ ಅಂದ ದಿನಗಳನ್ನು ಬೇರೆಯಾಗಿ ಎಣಿಸಿ. ಒಣ ಸೀಮೆಯಲ್ಲಿ ಸಾಮಾನ್ಯವಾಗಿ ಎರಡನೆಯದೇ ಹೆಚ್ಚು ಸರಿ ಬರುತ್ತದೆ. ನಿಮ್ಮ ಹೊಲದಲ್ಲೂ ಹಾಗೇ ಕಂಡರೆ, ಆ್ಯಪಿನ ‘ಇಲ್ಲ’ವನ್ನು ನಂಬಿ ಮೋಟಾರ್ ಹಾಕಿ, ಅದರ ‘ಇದೆ’ ನಂಬಿ ಬಿತ್ತುವ ಮೊದಲು ಡಬ್ಬಿ ತುಂಬುವವರೆಗೆ ಕಾಯಿರಿ.